ಫಿಟ್‌ಮೆಂಟ್ ಶೀಟು, ಇಲ್ಲಿಯವರೆಗೆ: 2.57ರಿಂದ ಗುಣಿಸಿದ ಮೇಲೆ ಏನಾಗುತ್ತದೆ

ಹಳೆ ಬೇಸಿಕ್ ಹಾಕಿದರೆ ಹೊಸ ಬೇಸಿಕ್ ತೋರಿಸುವ ಸ್ಪ್ರೆಡ್‌ಶೀಟು ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಕೇಂದ್ರದ 7ನೇ ವೇತನ ಆಯೋಗದ ಭಾಗ ಈಗ ಸರಿಯಾಗಿ ಓಡುತ್ತಿದೆ. ಕೇರಳ, ಕರ್ನಾಟಕದ ಭಾಗಗಳಿಗೆ ಬರೀ ಗುಣಾಕಾರ ಹಾಕಿದ್ದೇನೆ, ಉಳಿದದ್ದು ಆಮೇಲೆ.

ಮೂರು ಸರಕಾರದ್ದೂ ಯಾಕೆ ಅಂದರೆ, ಕೇರಳದ ಗಡಿಯ ನಮ್ಮ ಕುಂಬಳೆ ಕಡೆ ಒಂದೇ ಕುಟುಂಬಕ್ಕೆ ಮೂರು ಸರಕಾರದ ಸಂಬಳ ಬರುವುದು ಹೊಸ ಸಂಗತಿ ಏನಲ್ಲ. ನಮ್ಮಲ್ಲೇ ಭಾವ ಪೋಸ್ಟ್‌ಮ್ಯಾನ್, ಅಂದರೆ ಕೇಂದ್ರ. ಅಕ್ಕ ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಟೀಚರ್, ಕೇರಳ. ಭಾವನ ತಮ್ಮ ಮಂಗಳೂರಿನಲ್ಲಿ ಕರ್ನಾಟಕ ಸರಕಾರದ ಕೆಲಸದಲ್ಲಿ. ಹಬ್ಬಕ್ಕೆ ಎಲ್ಲರೂ ಸೇರಿದರೆ, ಹಳೆ ಬೇಸಿಕ್‌ನ್ನು ಹೊಸದು ಮಾಡುವಾಗ ಗುಣಿಸುವ ಅಂಕಿಯದ್ದೇ ಮಾತು: ನಿಮಗೆ 2.57, ನಮಗೆ ಬರೀ 1.38, ಅವರಿಗೆ 1.585. ಈ ಮೂರನ್ನು ಪಕ್ಕಪಕ್ಕ ಇಟ್ಟು ಜಗಳ ಆಡುವುದರಲ್ಲಿ ಅರ್ಥವೇ ಇಲ್ಲ ಅಂತ ತೋರಿಸಲಿಕ್ಕೆ ಈ ಶೀಟು ಶುರು ಮಾಡಿದ್ದು.

ಶನಿವಾರ: 2.57ನ್ನು ಬಿಡಿಸಿದೆ

ಶೀಟಿನಲ್ಲಿ 2.57 ಅಂತ ಒಂದೇ ಅಂಕಿ ಬರೆಯುವ ಬದಲು ಅದನ್ನು ಎರಡು ತುಂಡು ಮಾಡಿದೆ. 1.1.2016ಕ್ಕೆ ಕೇಂದ್ರ ನೌಕರರ ತುಟ್ಟಿಭತ್ಯೆ 125% ಇತ್ತು. ಅಂದರೆ 100 ರೂಪಾಯಿ ಬೇಸಿಕ್ ಇದ್ದವರಿಗೆ ಡಿಎ ಸೇರಿ ಆಗಲೇ 225 ರೂಪಾಯಿ ಕೈಗೆ ಬರುತ್ತಿತ್ತು. ಹೊಸ ಬೇಸಿಕ್‌ನಲ್ಲಿ ಆ ಡಿಎ ಪೂರ್ತಿ ಕರಗಿಹೋಗಿ, ಡಿಎ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ 225ರಿಂದ 257ಕ್ಕೆ ಹೋದದ್ದು ಮಾತ್ರ ನಿಜವಾದ ಏರಿಕೆ. ಭಾಗಿಸಿದರೆ 14 ಶೇಕಡಾದ ಚಿಲ್ಲರೆ. ಸಂಬಳ ಎರಡೂವರೆ ಪಾಲು ಆಯಿತು ಅಂತ ಆಗ ಊರಲ್ಲಿ ಮಾತಾಡಿಕೊಂಡದ್ದೆಲ್ಲ ಸುಮ್ನೆ.

ಇದೇ ಲೆಕ್ಕವನ್ನು ಉಳಿದ ಎರಡಕ್ಕೂ ಹಾಕಿದೆ. ಕೇರಳದಲ್ಲಿ 1.7.2019ರಿಂದ ಜಾರಿಯಾದ ಪರಿಷ್ಕರಣೆಯಲ್ಲಿ 28% ಡಿಎ ಸೇರಿಸಿ, ಮೇಲೆ ಬೇಸಿಕ್‌ನ 10% ಫಿಟ್‌ಮೆಂಟ್ ಕೊಟ್ಟರು, ಒಟ್ಟು 1.38. ಕರ್ನಾಟಕದ 7ನೇ ವೇತನ ಆಯೋಗದಲ್ಲಿ 31% ಡಿಎ, ಮೇಲೆ 27.5% ಫಿಟ್‌ಮೆಂಟ್, ಒಟ್ಟು 1.585. ಡಿಎ ಕಳೆದು ನೋಡಿದರೆ ಚಿತ್ರವೇ ಬೇರೆ. ಕೇಂದ್ರಕ್ಕೆ ಸುಮಾರು 14%, ಕೇರಳಕ್ಕೆ ಸುಮಾರು 8%, ಕರ್ನಾಟಕಕ್ಕೆ ಸುಮಾರು 21%. ದೊಡ್ಡ ಅಂಕಿ ಭಾವನದ್ದು, ದೊಡ್ಡ ಏರಿಕೆ ತಮ್ಮನದ್ದು! ಕೇಂದ್ರದ ಅಂಕಿ ದೊಡ್ಡದಾಗಿ ಕಾಣುವುದು ಅಲ್ಲಿ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುವುದರಿಂದ. ಅಷ್ಟು ವರ್ಷದ ಡಿಎ ಗುಡ್ಡೆ ಬಿದ್ದಿರುತ್ತದೆ, ಅದನ್ನೇ ಗುಣಾಕಾರದೊಳಗೆ ತುಂಬಿಸಿ ಕೊಡುತ್ತಾರೆ.

ಅಕ್ಕನಿಗೆ ಇದು ಇಷ್ಟ ಆಗಲಿಲ್ಲ. "ನಿನ್ನ ಶೀಟು ನೋಡಿದ ಮೇಲೆ ಇನ್ನೂ ಬೇಜಾರಾಯಿತು ಮಾರಾಯ" ಅಂದಳು.

ಆದಿತ್ಯವಾರ: ಗುಣಿಸಿದ ಮೇಲಿನ ಹೆಜ್ಜೆ

ನನಗೆ ತುಂಬಾ ರುಚಿಸಿದ್ದು ಈ ಭಾಗ. 2.57ರಿಂದ ಗುಣಿಸಿ ಬಂದ ಅಂಕಿಯೇ ಹೊಸ ಬೇಸಿಕ್ ಅಲ್ಲ. 2016ರ ಪರಿಷ್ಕೃತ ವೇತನ ನಿಯಮದ ಪ್ರಕಾರ ಹೀಗೆ ಮಾಡಬೇಕು: ಪೇ ಬ್ಯಾಂಡ್‌ನಲ್ಲಿರುವ ವೇತನಕ್ಕೆ ಗ್ರೇಡ್ ಪೇ ಕೂಡಿಸಿ (ಇದು ಹಳೆ ಬೇಸಿಕ್, ಗ್ರೇಡ್ ಪೇ ಬಿಟ್ಟರೆ ಲೆಕ್ಕವೇ ಹಾಳು), 2.57ರಿಂದ ಗುಣಿಸಿ, ಹತ್ತಿರದ ರೂಪಾಯಿಗೆ ಸರಿಮಾಡಿ, ಆಮೇಲೆ ಪೇ ಮ್ಯಾಟ್ರಿಕ್ಸ್ ಅನ್ನುವ ಸಂಬಳದ ಕೋಷ್ಟಕದಲ್ಲಿ ಅವರವರ ಲೆವೆಲ್‌ನ ಕಾಲಂಗೆ ಹೋಗಿ ಹುಡುಕಬೇಕು. ಅದೇ ಅಂಕಿ ಅಲ್ಲಿದ್ದರೆ ಅದೇ. ಇಲ್ಲದಿದ್ದರೆ ಅದರ ಮೇಲಿನ ಸೆಲ್. ಮೊದಲ ಸೆಲ್‌ಗಿಂತಲೂ ಕಡಿಮೆ ಬಂದರೆ ಮೊದಲ ಸೆಲ್.

ಶೀಟಿನಲ್ಲಿ ಇದಕ್ಕೆ `VLOOKUP` ಆಗುವುದಿಲ್ಲ. ಅಂದಾಜು ಹೊಂದಿಕೆಗೆ ಬಿಟ್ಟರೆ ಅದು ಕೆಳಗಿನ ಸೆಲ್ ಹಿಡಿಯುತ್ತದೆ, ನಮಗೆ ಬೇಕಾದದ್ದು ಮೇಲಿನದು. ಒಂದು ಸಾಲಿನಲ್ಲಿ ಮುಗಿಯುವುದು ಇದು. `A2`ನಲ್ಲಿ ಹಳೆ ಬೇಸಿಕ್, `H` ಕಾಲಂನಲ್ಲಿ ಆ ಲೆವೆಲ್‌ನ 40 ಸೆಲ್‌ಗಳು:

```
=MINIFS(H2:H41,H2:H41,">="&ROUND(A2*2.57,0))
```

ಆ `ROUND` ಇದ್ದರೂ ನಡೆಯುತ್ತದೆ ಬಿಟ್ಟರೂ ನಡೆಯುತ್ತದೆ ಅಂತ ಕಾಣಬಹುದು. ಹಾಗಲ್ಲ. 2800 ಗ್ರೇಡ್ ಪೇಯವರೊಬ್ಬರ ಹಳೆ ಬೇಸಿಕ್ 15720 ಅಂತ ಇಟ್ಟುಕೊಳ್ಳಿ. ಗುಣಿಸಿದರೆ 40400.40. ಅವರದ್ದು ಲೆವೆಲ್ 5, ಅದರಲ್ಲಿ 40400 ಅಂತ ಒಂದು ಸೆಲ್ ಇದೆ, ಅದರ ಮೇಲಿನದು 41600. ಪೈಸೆ ತೆಗೆದರೆ 40400, ಪೈಸೆ ಉಳಿಸಿಕೊಂಡರೆ ಶೀಟು ಸೀದಾ 41600ಕ್ಕೆ ಹಾರುತ್ತದೆ. ನಲ್ವತ್ತು ಪೈಸೆಗೆ ತಿಂಗಳಿಗೆ 1200 ರೂಪಾಯಿ ವ್ಯತ್ಯಾಸ. ಯಾರಾದರೂ ಮಾಡಿಟ್ಟ ಕ್ಯಾಲ್ಕುಲೇಟರ್ ಸರಿ ಇದೆಯೋ ಅಂತ ನೋಡಬೇಕಾದರೆ ಲೆವೆಲ್ 5 ಆರಿಸಿ 15720 ಹಾಕಿ, ಸಾಕು.

ಮತ್ತೊಂದು ಸಂಜೆ: ಭಾವನ ಲೆಕ್ಕ

ಭಾವ 2012ರ ಮಾರ್ಚ್‌ನಲ್ಲಿ ಸೇರಿದವರು. ಗ್ರೇಡ್ ಪೇ 2000, ಶುರುವಿನ ಬೇಸಿಕ್ 8460. ಆಗಿನ ಇನ್‌ಕ್ರಿಮೆಂಟ್ ಬೇಸಿಕ್‌ನ 3%, ಮೇಲಿನ ಹತ್ತಕ್ಕೆ ಏರಿಸಿ. ಹಾಗಾಗಿ ಹಳೆ ಮೆಟ್ಟಿಲುಗಳನ್ನು ಶೀಟೇ ಕಟ್ಟುತ್ತದೆ:

```
=A2+CEILING(A2*3%,10)
```

ಇದನ್ನು ಕೆಳಗೆ ಎಳೆದು, ಭಾವನ ಲೆವೆಲ್ ಆದ 3ರ ಸೆಲ್‌ಗಳಿಗೆ ಹೊಂದಿಸಿದಾಗ ಸಿಕ್ಕಿದ್ದು ಇದು. ಎಡಗಡೆ ಹಳೆ ಬೇಸಿಕ್, ನಡುವೆ ಗುಣಿಸಿದ್ದು, ಬಲಗಡೆ ಸೆಲ್:

```
8460   21742   22400
8720   22410   23100
8990   23104   23800
9260   23798   23800
9540   24518   25200
```

ಮೊದಲ ಸಾಲು ನೋಡಿ. ಲೆವೆಲ್ 3ರ ಮೊದಲ ಸೆಲ್ 21700. ಗುಣಿಸಿದಾಗ ಅದಕ್ಕಿಂತ 42 ರೂಪಾಯಿ ಜಾಸ್ತಿ ಬಂತು, ಹಾಗಾಗಿ 22400. ಅಂದರೆ 2015ರ ಕೊನೆಗೆ ಸೇರಿ ಒಂದೂ ಇನ್‌ಕ್ರಿಮೆಂಟ್ ಕಾಣದವರೂ ಎರಡನೇ ಸೆಲ್‌ನಲ್ಲಿ ಕೂತರು, 2016ರಲ್ಲಿ ಹೊಸದಾಗಿ ಬಂದವರು 21700ರಲ್ಲಿ. ಎರಡನೇ ಸಾಲಿನವರು 22400ನ್ನು ಹತ್ತೇ ರೂಪಾಯಿಯಲ್ಲಿ ದಾಟಿದರು. ಮೂರನೆಯವರು 23100ನ್ನು ನಾಲ್ಕೇ ರೂಪಾಯಿಯಲ್ಲಿ ದಾಟಿ 696 ರೂಪಾಯಿ ಲಾಭ ಮಾಡಿಕೊಂಡರು.

ನಾಲ್ಕನೇ ಸಾಲು ಭಾವನದ್ದು. 1.1.2016ಕ್ಕೆ ಅವರ ಬೇಸಿಕ್ 9260. ಗುಣಿಸಿದರೆ 23798, ಸೆಲ್ 23800. ಅವರಿಗೆ ಸಿಕ್ಕಿದ ಹೆಚ್ಚುವರಿ ಬರೀ ಎರಡು ರೂಪಾಯಿ. ಅವರಿಗಿಂತ ಒಂದು ವರ್ಷ ಹಿಂದೆ ಬಿದ್ದವರ 8990 ಕೂಡ ಅದೇ 23800ಕ್ಕೆ ಬಂದು ನಿಂತಿತು. ಒಂದು ಇಡೀ ವರ್ಷದ ಸರ್ವಿಸ್ ಮಾಯ. ಏರಿಕೆಯನ್ನೇ ನೋಡಿದರೆ, ಹಳೆ ಬೇಸಿಕ್ ಮತ್ತು ಡಿಎ ಸೇರಿ ಭಾವನಿಗೆ 20835 ಬರುತ್ತಿತ್ತು, 23800 ಅಂದರೆ 14% ಚಿಲ್ಲರೆ. 8990ರವರಿಗೆ 20227 ಇದ್ದದ್ದು 23800 ಆಗಿ ಹದಿನೇಳೂವರೆ ದಾಟಿತು.

ಹೀಗೆ ಎರಡು ಹಳೆ ಮೆಟ್ಟಿಲು ಒಂದೇ ಸೆಲ್‌ಗೆ ಬಂದು ಬೀಳುವುದಕ್ಕೆ ಬಂಚಿಂಗ್ ಅನ್ನುತ್ತಾರೆ. ಇದಕ್ಕೂ ದಾರಿ ಇದೆ: ಪ್ರತಿ ಎರಡು ಮೆಟ್ಟಿಲು ಒಟ್ಟಾದಾಗ ಮೇಲಿನ ಮೆಟ್ಟಿಲಿನವರಿಗೆ ಒಂದು ಇನ್‌ಕ್ರಿಮೆಂಟ್ ಜಾಸ್ತಿ. ಹಾಗಾಗಿ 8990ರವರು 23800ರಲ್ಲೇ, ಭಾವ 24500ಕ್ಕೆ. ಅವರ ಮುಂದಿನವರು 25200ರಲ್ಲಿ ಇರುವುದರಿಂದ ಅಲ್ಲಿ ಹೊಸ ತಿಕ್ಕಾಟ ಇಲ್ಲ. ಎರಡು ಮೆಟ್ಟಿಲುಗಳ ನಡುವೆ ಕನಿಷ್ಠ 3% ಅಂತರ ಇರಬೇಕು ಅಂತ ಕೇಂದ್ರ ಹಣಕಾಸು ಸಚಿವಾಲಯದ 2017ರ ಆಗಸ್ಟ್‌ನ ಸೂಚನೆ ಹೇಳುತ್ತದೆ. 8990ರ ಮೂರು ಶೇಕಡಾ 269.70, ಅಂತರ 270. ಮೂವತ್ತು ಪೈಸೆಯಲ್ಲಿ ಪಾಸು!

ಭಾವ ಹಳೆ ವೇತನ ನಿಗದಿ ಕಾಗದ ಹುಡುಕಿ ತಂದರು. ಅದರಲ್ಲಿ ಮೊದಲು 23800 ಅಂತ ಇತ್ತು, ಆಮೇಲಿನ ಕಾಗದದಲ್ಲಿ 24500. "ಅರಿಯರ್ಸ್ ಬಂದದ್ದು ನೆನಪುಂಟು, ಯಾಕೆ ಬಂತು ಅಂತ ಮಾತ್ರ ಇವತ್ತು ಗೊತ್ತಾಯಿತು" ಅಂದರು. ಶೀಟಿನ ಅಂಕಿ ಕಾಗದಕ್ಕೆ ತಾಳೆಯಾದದ್ದು ನನಗೆ ಖುಷಿ.

ಆದರೆ ಬಂಚಿಂಗ್‌ನ್ನು ಶೀಟು ತಾನಾಗಿ ಕೂಡಿಸುವುದಿಲ್ಲ, ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಮೇಲಿನ ಸಾಲಿನ ಸೆಲ್ಲೇ ಕೆಳಗೂ ಬಂದರೆ ಹಳದಿ ಬಣ್ಣ ತೋರಿಸುತ್ತದೆ, ಅಷ್ಟೇ. ಪ್ರಮೋಶನ್ ಸಿಕ್ಕಿದವರ ಬೇಸಿಕ್ ಈ ಮೆಟ್ಟಿಲುಗಳ ಮೇಲೆ ಸರಿಯಾಗಿ ಕೂರುವುದಿಲ್ಲ, ನಡುವೆ ಎಲ್ಲೋ ಇರುತ್ತದೆ. ಅಂಥವರಿಗೆ ಶೀಟು ಒಂದು ಇನ್‌ಕ್ರಿಮೆಂಟ್ ಜಾಸ್ತಿ ತೋರಿಸಿ ಅವರು ಕಚೇರಿಗೆ ಹೋಗಿ ಕೇಳುವ ಹಾಗಾಗಬಾರದು.

ಅಕ್ಕನ ಸಾಲು

ಕೇರಳದ್ದು ಒಂದೇ ಉದಾಹರಣೆ ಹಾಕಿ ನೋಡಿದೆ. ಹಳೆ ಸ್ಕೇಲಿನಲ್ಲಿ ಎಲ್.ಪಿ. ಟೀಚರ್‌ನ ಶುರು 25200. ಅದಕ್ಕೆ ಡಿಎ 7056, ಫಿಟ್‌ಮೆಂಟ್ 2520, ಒಟ್ಟು 34776. ಹೊಸ ಸ್ಕೇಲು ಶುರುವಾಗುವುದೇ 35600ರಿಂದ, ಹಾಗಾಗಿ 35600. ಇಲ್ಲಿ ಪೇ ಮ್ಯಾಟ್ರಿಕ್ಸ್ ಇಲ್ಲ, ಒಂದು ಉದ್ದದ ಮಾಸ್ಟರ್ ಸ್ಕೇಲ್ ಇದೆ, ಆದರೆ ಮೇಲಿನ ಮೆಟ್ಟಿಲಿಗೆ ಏರಿಸುವ ಕ್ರಮ ಅದೇ ಜಾತಿಯದ್ದು. ಅಕ್ಕನ ಎಂಟು ಶೇಕಡಾ ಈ ಸಾಲಿನಲ್ಲಿ ಹತ್ತು ದಾಟಿತು ಅಂತ ತೋರಿಸಿದೆ. ಸ್ವಲ್ಪ ಸಮಾಧಾನ.

ಮುಂದೆ

8ನೇ ವೇತನ ಆಯೋಗದ ಗುಣಾಕಾರ ಎಷ್ಟು ಅಂತ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಅಂಕಿ ಬರುತ್ತಿದೆ. ಶೀಟಿನಲ್ಲಿ ಅದಕ್ಕೆ ಅಂತಲೇ ಎರಡು ಖಾಲಿ ಸೆಲ್ ಇಟ್ಟಿದ್ದೇನೆ, ಒಂದು ಡಿಎಗೆ, ಒಂದು ನಿಜವಾದ ಏರಿಕೆಗೆ. 2025ರ ಜುಲೈಯ ಡಿಎ 58% ಹಾಕಿ, ಏರಿಕೆಗೆ ಸೊನ್ನೆ ಹಾಕಿದರೆ 1.58 ಬರುತ್ತದೆ. ಅದು ಒಂದು ರೂಪಾಯಿಯೂ ಏರದ ಗುಣಾಕಾರ. ಕಳೆದ ಸಲದ ಹಾಗೆ 14.2% ಹಾಕಿದರೆ 1.80. ಡಿಎ ಏರಿದ ಹಾಗೆ ಈ ಎರಡೂ ಅಂಕಿ ಮೇಲೆ ಹೋಗುತ್ತವೆ, ಆದ್ದರಿಂದ ಡಿಎ ಸೆಲ್ ಮಾತ್ರ ಆಗಾಗ ಬದಲಿಸಬೇಕು. ಯಾರಾದರೂ 2.57 ಮತ್ತೆ ಬರುತ್ತದೆ ಅಂದರೆ, 58% ಡಿಎ ಮೇಲೆ ಅದು ಸುಮಾರು 63% ಏರಿಕೆ ಕೇಳಿದ ಹಾಗೆ.

ಈ ವಾರ ಕರ್ನಾಟಕದ ಮಾಸ್ಟರ್ ಸ್ಕೇಲ್ ಟೈಪ್ ಮಾಡಬೇಕು. ಕನಿಷ್ಠ ಬೇಸಿಕ್ 17000 ಹಾಕಿದರೆ 26945, ಮೆಟ್ಟಿಲಿಗೆ ಏರಿಸಿದರೆ 27000, ಅದೊಂದು ತಾಳೆ ಆಗಿದೆ. ಉಳಿದದ್ದಕ್ಕೆ ಭಾವನ ತಮ್ಮ ತನ್ನ ಹಳೆ ಸ್ಲಿಪ್ ಕಳಿಸಬೇಕು, ಇನ್ನೂ ಕಳಿಸಿಲ್ಲ.