ಹೌಸ್ ಕ್ವಿಜ್ ಸ್ಕ್ರಿಪ್ಟ್: ಪಾಸ್ ಆಗುವಾಗ ಉತ್ತರ ಸೋರುವುದು ಕೊನೆಗೂ ನಿಂತಿತು

ಶಾಲೆಯ ನಾಲ್ಕು ಹೌಸ್‌ಗಳ ನಡುವಿನ ಕ್ವಿಜ್ ಇದು. ಸ್ವಾಗತ, ನಿಯಮ, ತಂಡಗಳ ಪರಿಚಯ ಎಲ್ಲವೂ ಬರೆದು ಮುಗಿದಿವೆ. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಸ್ಕ್ರಿಪ್ಟ್ ಇಷ್ಟು ದಿನ ಹಟ ಹಿಡಿದು ಕೂತಿದ್ದು ಒಂದೇ ಜಾಗದಲ್ಲಿ: ಒಂದು ಹೌಸ್ ತಪ್ಪು ಉತ್ತರ ಕೊಟ್ಟ ಮೇಲೆ, ಮುಂದಿನ ಹೌಸ್ ಬಾಯಿ ತೆರೆಯುವ ಮೊದಲಿನ ಮೂರ್ನಾಲ್ಕು ಸೆಕೆಂಡಿನಲ್ಲಿ. ಕ್ವಿಜ್ ಮಾಸ್ಟರ್ ಸಲುಗೆಯಿಂದ ಏನಾದರೂ ಹೇಳಲೇಬೇಕು ಅನ್ನಿಸುವ ಜಾಗ ಅದು. ಉತ್ತರ ಸೋರುವುದೂ ಅಲ್ಲೇ.

ವೇದಿಕೆಯ ಮೇಲೆ ಕೂರುವ ಸಾಲು ಹೀಗಿದೆ: ಕಾವೇರಿ, ತುಂಗಾ, ಶರಾವತಿ, ಕೃಷ್ಣಾ. ನಡೆಸುವುದು ಬೌನ್ಸ್ ಪದ್ಧತಿಯಲ್ಲಿ. ಒಂದು ಹೌಸ್‌ಗೆ ಉತ್ತರ ಬರದಿದ್ದರೆ ಪ್ರಶ್ನೆ ಪಕ್ಕದ ಹೌಸ್‌ಗೆ ಪಾಸ್ ಆಗುತ್ತದೆ. ಮೊದಲು ಹೇಳಿದರೂ ಪಾಸ್ ಆಗಿ ಬಂದಾಗ ಹೇಳಿದರೂ 10 ಅಂಕ. ಉತ್ತರ ಹೇಳಿದ ಹೌಸ್‌ನ ಪಕ್ಕದವರಿಗೆ ಮುಂದಿನ ಪ್ರಶ್ನೆ. ಯಾರೂ ಹೇಳದಿದ್ದರೆ ಪ್ರಶ್ನೆ ಸಭಿಕರಿಗೆ, ಮುಂದಿನದು ಮತ್ತೆ ಮೊದಲು ಕೇಳಿಸಿಕೊಂಡ ಹೌಸ್‌ಗೇ. ಅರ್ಧ ಆಟ ಮುಗಿದ ಮೇಲೆ ದಿಕ್ಕು ತಿರುಗುತ್ತದೆ. ಯಾರು ಉತ್ತರ ಹೇಳಿದರೂ ಪ್ರಶ್ನೆಗಳು ಸಾಲಾಗಿ ಒಂದೊಂದು ಹೌಸ್‌ಗೆ ಹೋಗುವ ಸರದಿ ಪದ್ಧತಿಯಲ್ಲಿ ದುರ್ಬಲ ತಂಡದ ಪಕ್ಕ ಕೂತವರಿಗೆ ಪಾಸ್‌ಗಳೆಲ್ಲ ಸಿಕ್ಕಿಬಿಡುತ್ತವೆ, ಆಮೇಲೆ ಸ್ಟಾಫ್ ರೂಮಿನಲ್ಲಿ ಜಗಳ. ಹಾಗಾಗಿ ಬೌನ್ಸ್ ಬಿಡುವ ಮಾತೇ ಇಲ್ಲ.

ಆದರೆ ಬೌನ್ಸ್‌ನಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ತಂಡ ಒಂದರ ಹಿಂದೊಂದು ಎದುರಿಸುತ್ತವೆ, ಅದೂ ಪೂರ್ತಿ ಅಂಕಕ್ಕೆ. ನಡುವೆ ಆಡಿದ ಪ್ರತಿ ಮಾತೂ ಮುಂದಿನವರಿಗೆ ಸುಳಿವು. ಆಯ್ಕೆಗಳಿರುವ ಪ್ರಶ್ನೆಗಳನ್ನು ಈ ಸುತ್ತಿನಿಂದ ಪೂರ್ತಿ ತೆಗೆದದ್ದೂ ಇದಕ್ಕೇ. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪಾದರೆ ನಾಲ್ಕನೆಯ ಹೌಸ್‌ಗೆ 10 ಅಂಕ ಪುಕ್ಕಟೆ.

ಕಾರ್ಡ್‌ನಲ್ಲಿದ್ದ ಒಂದು ಪ್ರಶ್ನೆ ನೋಡಿ: "1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಮೊದಲು ಹೋದದ್ದು ಬೆಂಗಳೂರಿಗೂ ಅಲ್ಲ, ಮೈಸೂರಿಗೂ ಅಲ್ಲ. ಹಾಗಾದರೆ ಯಾವ ಊರಿಗೆ?" ರಿಹರ್ಸಲ್‌ನಲ್ಲಿ ಕಾವೇರಿಯವರು ಮಂಡ್ಯ ಅಂದರು. ಸ್ಕ್ರಿಪ್ಟ್‌ನಲ್ಲಿದ್ದ ತಮಾಷೆ ಹೀಗಿತ್ತು: "ಅಯ್ಯೋ, ಅಷ್ಟು ಹತ್ತಿರಕ್ಕೇ ಆಗಿದ್ದರೆ ಕೆಲಸ ಎಷ್ಟು ಸುಲಭ ಇತ್ತಲ್ವಾ ಮಕ್ಕಳೇ! ತುಂಗಾ?" ಸಭೆ ನಕ್ಕಿತು. ದೂರದ ಊರು ಎಂದು ತುಂಗಾದವರಿಗೆ ಗೊತ್ತಾಯಿತು, "ಕೋಲಾರ" ಅಂದರು. ಈಗ ಇದು ಸರಿಯೋ ತಪ್ಪೋ? ಬೇಕಾದದ್ದು ಕೋಲಾರದ ಚಿನ್ನದ ಗಣಿ, ಅಂದರೆ ಕೆ.ಜಿ.ಎಫ್. "ಇನ್ನೂ ಖಚಿತವಾಗಿ ಹೇಳಿ" ಅಂದರೆ ಪಕ್ಕದ ಶರಾವತಿಗೆ ಎಲ್ಲಾ ತಿಳಿದುಹೋಯಿತು. "ಅಲ್ಲ" ಅಂದರೆ ತುಂಗಾಕ್ಕೆ ಅನ್ಯಾಯ.

ಎರಡು ಕಡೆ ರಿಪೇರಿ ಬೇಕಾಯಿತು. ಮೊದಲನೆಯದು ಪ್ರಶ್ನೆಯಲ್ಲೇ. ಕೊನೆಯ ಸಾಲು "ಯಾವ ಗಣಿ ಪ್ರದೇಶಕ್ಕೆ?" ಎಂದಾಯಿತು. ಹಟ್ಟಿ, ಸಂಡೂರು, ಕುದುರೆಮುಖ ಎಂದು ಊಹಿಸಲು ಜಾಗ ಇನ್ನೂ ಇದೆ, ಆದರೆ ಉತ್ತರ ಊರೋ ಜಿಲ್ಲೆಯೋ ಎಂಬ ಗೊಂದಲ ಇಲ್ಲ. ಕಾರ್ಡ್‌ನ ಹಿಂಬದಿಯಲ್ಲಿ ಎರಡು ಸಾಲು ಬಂದವು. "ಒಪ್ಪಬೇಕು: ಕೋಲಾರ ಚಿನ್ನದ ಗಣಿ, ಕೆ.ಜಿ.ಎಫ್, ಬರೀ ಕೋಲಾರ." "ಒಪ್ಪಬಾರದು: ಬರೀ ಚಿನ್ನದ ಗಣಿ." ಕೊನೆಯದನ್ನು ಒಪ್ಪದಿರುವುದು ಹಟ್ಟಿಯೂ ಚಿನ್ನದ ಗಣಿಯೇ ಆದ್ದರಿಂದ. ಇದನ್ನು ವೇದಿಕೆಯ ಮೇಲೆ ನಿಂತು ನಿರ್ಧರಿಸುವುದಲ್ಲ, ಮೇಜಿನ ಮುಂದೆ ಕೂತು ನಿರ್ಧರಿಸುವುದು.

ಎರಡನೆಯದು ಮಾತಿನಲ್ಲಿ. ಪಾಸ್ ಆಗುವಾಗ ಇನ್ನು ಎರಡೇ ವಾಕ್ಯ. ತಪ್ಪು ಉತ್ತರ ಬಂದರೆ: "ಅದಲ್ಲ. ತುಂಗಾ." ಉತ್ತರವೇ ಬರದಿದ್ದರೆ: "ಸಮಯ ಆಯಿತು. ತುಂಗಾ." "ಹತ್ತಿರ ಬಂದಿರಿ" ಇಲ್ಲ, "ಒಳ್ಳೆ ಪ್ರಯತ್ನ" ಇಲ್ಲ. "ಒಳ್ಳೆ ಪ್ರಯತ್ನ" ಬಿಡಲು ನನಗೂ ಮನಸ್ಸಿರಲಿಲ್ಲ. ಆದರೆ ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ ಯಾರು ಹತ್ತಿರ ಬಂದರು ಎಂಬುದು ಹತ್ತನೇ ಕ್ಲಾಸಿನ ಮಕ್ಕಳಿಗೆ ಎರಡೇ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಪ್ರಶ್ನೆಯನ್ನು ಮತ್ತೆ ಓದುವುದೂ ಇಲ್ಲ. ಶುರುವಿನಲ್ಲೇ ಎರಡು ಸಲ ನಿಧಾನವಾಗಿ ಓದಿ, ಆಮೇಲೆ ಮೊದಲ ಹೌಸ್‌ಗೆ 20 ಸೆಕೆಂಡ್, ಪಾಸ್ ಬಂದವರಿಗೆ 5.

ಹಾಗಾದರೆ ಸಲುಗೆಯ ಮಾತು ಎಲ್ಲಿ? ಪ್ರಶ್ನೆ ಮುಚ್ಚಿದ ಮೇಲೆ, ಧಾರಾಳವಾಗಿ. "ಕೆ.ಜಿ.ಎಫ್, ಸರಿಯಾದ ಉತ್ತರ! ಶರಾವತಿಗೆ ಹತ್ತು. ಆ ಕಾಲಕ್ಕೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದಾರೆ ಮಕ್ಕಳೇ. ಕಾವೇರಿಯವರು ಮಂಡ್ಯದಲ್ಲೇ ಇಳಿದುಬಿಟ್ಟರು, ತಂತಿ ಇನ್ನೂ ಮುಂದಕ್ಕಿತ್ತು!" ಮಂಡ್ಯದ ತಮಾಷೆ ಎಲ್ಲೂ ಹೋಗಿಲ್ಲ, ಅರ್ಧ ನಿಮಿಷ ತಡವಾಗಿ ಬಂತು ಅಷ್ಟೇ. ನಗುವೂ ಜಾಸ್ತಿ ಬಂತು, ಏಕೆಂದರೆ ಈಗ ಉತ್ತರ ಎಲ್ಲರಿಗೂ ಗೊತ್ತು. ತಮಾಷೆ ಯಾವಾಗಲೂ ಉತ್ತರದ ಮೇಲಿರಲಿ, ಹೇಳಿದ ಮಗುವಿನ ಮೇಲೆ ಬೇಡ. ಹೌಸ್ ಹೆಸರು ಹಿಡಿದು ಛೇಡಿಸಬಹುದು, ವಿದ್ಯಾರ್ಥಿಯ ಹೆಸರು ಹಿಡಿದು ಅಲ್ಲ.

ಉತ್ತರ ಸೋರಬಾರದು ಎಂಬ ಇದೇ ಕಾರಣಕ್ಕೆ ನದಿಗಳ ಪ್ರಶ್ನೆ ಎಲ್ಲಾ ಹೊರಗೆ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ನದಿ ಯಾವುದು ಎಂದು ಕೇಳಿದರೆ ಶರಾವತಿ ಹೌಸ್‌ನ ಮಕ್ಕಳು ಕೆಳಗಿನಿಂದಲೇ ತಮ್ಮ ಹೆಸರು ಕೂಗುತ್ತಾರೆ. ಅದು ಹುರಿದುಂಬಿಸುವುದೋ ಉತ್ತರ ಹೇಳಿಕೊಡುವುದೋ ಎಂದು ತೀರ್ಪು ಕೊಡಲು ಯಾರಿಗೂ ಆಗುವುದಿಲ್ಲ.

ಅಂಕ ಹೇಳುವುದರಲ್ಲಿ ಬೌನ್ಸ್‌ನಿಂದ ಒಂದು ಲಾಭ ಸಿಕ್ಕಿತು. ಅರ್ಧ ಅಂಕ, ಬೋನಸ್ ಏನೂ ಇಲ್ಲದ್ದರಿಂದ ಎಂಟು ಪ್ರಶ್ನೆಯ ಸುತ್ತಿನಲ್ಲಿ ಒಟ್ಟು 80. ಕಾವೇರಿ 20, ತುಂಗಾ 10, ಶರಾವತಿ 30, ಕೃಷ್ಣಾ 10 ಎಂದು ಚೀಟಿ ಬಂದರೆ ಕೂಡಿದಾಗ 70. ಸಭಿಕರಿಗೆ ಹೋದದ್ದು ಒಂದು ಪ್ರಶ್ನೆ, ಅದರ 10 ಸೇರಿದರೆ 80. ಲೆಕ್ಕ ಕೂಡದಿದ್ದರೆ ಮೈಕ್‌ನಲ್ಲಿ ಅಂಕ ಓದುವುದಿಲ್ಲ. ಮೊದಲ ಎರಡು ಸುತ್ತಿನ ನಂತರ ಕೂತ ಸಾಲಿನ ಕ್ರಮದಲ್ಲೇ ಓದುವುದು, ಸ್ಥಾನದ ಕ್ರಮದಲ್ಲಿ ಅಲ್ಲ. "ಮೂವತ್ತರಲ್ಲಿ ಶರಾವತಿ. ಹತ್ತರಲ್ಲಿರುವವರು ಗಾಬರಿ ಬೀಳಬೇಡಿ, ಎರಡು ಪ್ರಶ್ನೆಯ ಅಂತರ." ಅಂತರವನ್ನು ಅಂಕದಲ್ಲಿ ಹೇಳದೆ ಪ್ರಶ್ನೆಯಲ್ಲಿ ಹೇಳಿದರೆ ಹಿಂದುಳಿದ ತಂಡ ಮತ್ತೆ ಮುಂದಕ್ಕೆ ಬಾಗಿ ಕೂರುತ್ತದೆ.

ಕಾರ್ಡ್‌ಗಳ ಮೇಲೆ ಹೌಸ್ ಹೆಸರು ಮುದ್ರಿಸುವಂತಿಲ್ಲ ಎಂಬುದನ್ನು ಮರೆಯಬೇಡಿ, ಮುಂದಿನ ಸರದಿ ಯಾರದೆಂದು ಮೊದಲೇ ಗೊತ್ತಿರುವುದಿಲ್ಲ. ಅಂಕ ಬರೆಯುವವರ ಮುಂದೆ ನಾಲ್ಕು ಹೆಸರಿನ ರಟ್ಟು, ಅದಕ್ಕೊಂದು ಬಟ್ಟೆ ಕ್ಲಿಪ್. ಪ್ರತಿ ಉತ್ತರಕ್ಕೂ ಕ್ಲಿಪ್ ಪಕ್ಕದ ಹೆಸರಿಗೆ ಜರುಗುತ್ತದೆ. ಓದುವವರು ಅದನ್ನು ನೋಡಿ ಹೆಸರು ಕರೆದರೆ ಸಾಕು.

ಇನ್ನು ಟೈ ಬ್ರೇಕರ್‌ಗೆ ಬೇಕಾದ ಬಜರ್ ಬಾಡಿಗೆಗೆ ಕೊಡುವವರ ವಿಷಯ. ನಾಲ್ಕಕ್ಕೂ ಒಂದೇ ಸದ್ದು! ಯಾರು ಮೊದಲು ಒತ್ತಿದರೆಂದು ತೋರಿಸುವ ದೀಪವೂ ಇಲ್ಲ, ಒಬ್ಬರು ಒತ್ತಿದ ಮೇಲೆ ಉಳಿದವು ಬಂದ್ ಆಗುವುದೂ ಇಲ್ಲ. ಕೇಳಿದರೆ "ಎಲ್ಲಾ ಸ್ಕೂಲಿಗೂ ಇದೇ ಕೊಡೋದು ಸರ್" ಎಂಬ ಉತ್ತರ. ಮುಂಗಡ ಕೊಡುವ ಮೊದಲು ಎರಡು ಬಜರ್ ಒಟ್ಟಿಗೆ ಒತ್ತಿ ನೋಡಿ. ಎರಡೂ ಕೂಗಿದರೆ ಬೇಡ ಅನ್ನಿ.

ಮುಂದಿನ ಯೋಜನೆಯೂ ತಲೆಯಲ್ಲಿ ಓಡುತ್ತಿದೆ: ಐದರಿಂದ ಏಳನೇ ಕ್ಲಾಸಿನವರಿಗೆ ಸದ್ದಿನ ಸುತ್ತು. ಮೊರದಲ್ಲಿ ಅಕ್ಕಿ ಕೇರುವುದು, ಒರಳಲ್ಲಿ ಕುಟ್ಟುವುದು, ಮಗ್ಗ ಓಡುವುದು, ತಲಾ ಎಂಟು ಸೆಕೆಂಡ್.

ಅದಕ್ಕೂ ಮೊದಲು ಟೈ ಬ್ರೇಕರ್ ಕಾರ್ಡ್‌ಗಳು ಬಾಕಿ ಇವೆ. ಬಜರ್ ಪ್ರಶ್ನೆಯಲ್ಲಿ ಏನು ಬೇಕು ಎಂಬುದು ಕೊನೆಯಲ್ಲಿ ಬಂದರೆ ಮಕ್ಕಳು ಅರ್ಧಕ್ಕೇ ಒತ್ತಿ, ಊರು ಕೇಳಿದ್ದಕ್ಕೆ ವಸ್ತುವಿನ ಹೆಸರು ಹೇಳುತ್ತಾರೆ. ಆದ್ದರಿಂದ ಎಲ್ಲವನ್ನೂ ಹೀಗೆ ತಿದ್ದುವ ಕೆಲಸ ನಡೆದಿದೆ: "ಊರಿನ ಹೆಸರು ಬೇಕು. ಬೆಂಗಳೂರು–ಮೈಸೂರು ದಾರಿಯಲ್ಲಿ, ಅರಗಿನ ಬಣ್ಣದ ಮರದ ಆಟಿಕೆಗೆ ಹೆಸರಾದದ್ದು…"