ಗಡಿಯಾರ ಸರಿಮಾಡಿದೆ, ತಪ್ಪು ಅಲ್ಲಿರಲಿಲ್ಲ

"ಸಾರ್, ಬೆಳಿಗ್ಗೆ ಎಣಿಸಿ 34 ಅಂತ ಹಾಕಿದ್ದೆ. ಈಗ ನೋಡಿದ್ರೆ ಮತ್ತೆ 40 ತೋರಿಸ್ತಿದೆ." ನಮ್ಮ ಸ್ಟಾಕ್ ಎಣಿಕೆಯ ಆ್ಯಪ್ ಬಳಸುವ ಗೋದಾಮಿನ ಸೂಪರ್‌ವೈಸರ್ ಫೋನ್ ಮಾಡಿ ಹೀಗೆಂದಾಗ, ಸೇವ್ ಒತ್ತಲು ಮರೆತಿರಬೇಕು ಎಂದುಕೊಂಡು ಟಿಕೆಟ್ ಮುಚ್ಚಿಬಿಟ್ಟೆ. ಅದೇ ವಾರ ಅಂಥವೇ ಇನ್ನೂ ನಾಲ್ಕು ಬಂದವು.

ಗೋದಾಮಿನ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಲ್ಲಿ ತಿದ್ದಿದ್ದೆಲ್ಲ ಫೋನಿನ SQLite ಫೈಲಿನಲ್ಲಿ ಉಳಿದು, ಹೊರಗೆ ಬಂದ ಮೇಲೆ ಸರ್ವರ್‌ಗೆ ಹೋಗುತ್ತದೆ. ಎರಡು ಫೋನುಗಳು ಒಂದೇ ರೋ ತಿದ್ದಿದ್ದರೆ ಯಾವುದರ `updated_at` ಹೊಸದೋ ಅದೇ ಗೆಲ್ಲುತ್ತದೆ. ಈ ನಿಯಮ ಬರೆದವನು ನಾನೇ.

ಲಾಗ್ ತೆಗೆದು ನೋಡಿದರೆ ಒಂದು ಫೋನಿನ ಗಡಿಯಾರ ಹೆಚ್ಚುಕಡಿಮೆ ಒಂದು ದಿನ ಮುಂದಿತ್ತು. ಕಾರಣ ಸಿಕ್ಕೇಬಿಟ್ಟಿತು ಎಂದುಕೊಂಡೆ. ಫೋನಿನ ಸಮಯ ಬಿಟ್ಟು, ಡೇಟಾ ಸರ್ವರ್‌ಗೆ ತಲುಪಿದ ಸಮಯವನ್ನೇ ಹಿಡಿಯುವಂತೆ ಬದಲಿಸಿ ಅಂದೇ ಸಂಜೆ ರಿಲೀಸ್ ಮಾಡಿದೆವು.

ಮೂರನೇ ದಿನಕ್ಕೆ ಅದೇ ದೂರು, ಈ ಸಲ ಇನ್ನೂ ಜಾಸ್ತಿ. ಮೇಲಿನಿಂದ ಹತ್ತು ನಿಮಿಷಕ್ಕೊಮ್ಮೆ "ಏನಾಯ್ತು?" ಎಂಬ ಮೆಸೇಜು. ಆ ಗಡಿಬಿಡಿಯಲ್ಲಿ ನಾನು ಮೂವರಿಗೆ ಹೇಳಿದೆ: "ಆ್ಯಪ್ ಡೇಟಾ ಕ್ಲಿಯರ್ ಮಾಡಿ, ಮತ್ತೆ ಲಾಗಿನ್ ಆಗಿ. ಸರ್ವರ್‌ನಿಂದ ಹೊಸದಾಗಿ ಇಳಿಯುತ್ತೆ." ಇಬ್ಬರು ಮಾಡಿ ಮುಗಿಸಿದ್ದರು. ಮೂರನೆಯವರು "ಇದರಲ್ಲಿ ಇನ್ನೂ ಕಳಿಸದ ಎಂಟ್ರಿ ಹನ್ನೊಂದು ಅಂತಿದೆ, ಪರವಾಗಿಲ್ವಾ?" ಎಂದು ಕೇಳಿದಾಗ ನನ್ನ ಕೈ ತಣ್ಣಗಾಯಿತು. ಸಿಂಕ್ ಆಗದ ತಿದ್ದುಪಡಿಗಳಿಗೆ ಇದ್ದದ್ದು ಆ ಒಂದೇ ಪ್ರತಿ. ಮೊದಲ ಇಬ್ಬರು ಅರ್ಧ ದಿನ ಎಣಿಸಿದ್ದೆಲ್ಲ ನನ್ನ ಒಂದು ಮಾತಿಗೆ ಅಳಿಸಿಹೋಗಿತ್ತು. ಅವರು ಏನೂ ಅನ್ನದೆ ಮತ್ತೆ ಎಣಿಸಲು ಹೋದರು. ಅದು ಈಗಲೂ ಚುಚ್ಚುತ್ತದೆ.

ಆ ಮೂರನೇ ಫೋನಿನಿಂದ ಡೇಟಾಬೇಸ್ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ತಂದೆ. ಜೊತೆಯ `-wal` ಫೈಲನ್ನೂ ತರಲೇಬೇಕಿತ್ತು. ಅದನ್ನು ಬಿಟ್ಟರೆ ಈಚೆಗೆ ಬರೆದದ್ದು ಕಾಣದೇ ಹೋಗಬಹುದು. ಅದನ್ನೂ ಸರ್ವರ್ ಲಾಗನ್ನೂ ಅಕ್ಕಪಕ್ಕ ಇಟ್ಟು ಒಂದೇ ಒಂದು ಐಟಂ ಹಿಂದೆ ಬಿದ್ದೆ.

ಬೆಳಿಗ್ಗೆ ಎರಡೂ ಫೋನುಗಳಲ್ಲಿ ಸಂಖ್ಯೆ 40, ರ‍್ಯಾಕ್ `B-12`. 10:05ಕ್ಕೆ ಒಬ್ಬರು ಎಣಿಸಿ ಸಂಖ್ಯೆಯನ್ನು 34 ಮಾಡಿದರು. 10:20ಕ್ಕೆ ಇನ್ನೊಬ್ಬರು ರ‍್ಯಾಕನ್ನು `C-03` ಎಂದು ಬದಲಿಸಿದರು, ಸಂಖ್ಯೆಯನ್ನು ಮುಟ್ಟಲೇ ಇಲ್ಲ. ಆದರೆ ನಮ್ಮ ಆ್ಯಪ್ ಕಳಿಸುತ್ತಿದ್ದದ್ದು ಪೂರ್ತಿ ರೋ. ರ‍್ಯಾಕ್ ಜೊತೆಗೆ ಹಳೆಯ 40 ಕೂಡ ಹೋಗಿ 34ರ ಮೇಲೆ ಕೂತಿತು. ಇಬ್ಬರ ಗಡಿಯಾರವೂ ಸರಿಯಾಗಿದ್ದರೂ ಹೀಗೆಯೇ ಆಗುತ್ತಿತ್ತು. ನನ್ನ ರಿಲೀಸ್ ಅದನ್ನು ಇನ್ನಷ್ಟು ಕೆಡಿಸಿತ್ತು: ಯಾವಾಗ ತಿದ್ದಿದ್ದರೂ ಸರಿ, ಕೊನೆಯಲ್ಲಿ ಹೊರಗೆ ಬಂದವರೇ ಗೆಲ್ಲುತ್ತಿದ್ದರು.

ಈಗ ರೋ ಕಳಿಸುವುದಿಲ್ಲ, ಬದಲಾವಣೆಯನ್ನು ಮಾತ್ರ ಕಳಿಸುತ್ತೇವೆ.

```sql
CREATE TABLE outbox (
  op_id     TEXT PRIMARY KEY,
  item_id   TEXT NOT NULL,
  field     TEXT NOT NULL,
  old_value TEXT,
  new_value TEXT
);
```

ಐಟಂ ತಿದ್ದುವುದೂ ಇಲ್ಲಿ ಸಾಲು ಸೇರಿಸುವುದೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು. ಇಲ್ಲದಿದ್ದರೆ ನಡುವೆ ಆ್ಯಪ್ ಸತ್ತಾಗ ತೆರೆಯ ಮೇಲೆ ಬದಲಾವಣೆ ಕಾಣುತ್ತದೆ, ಸರ್ವರ್‌ಗೆ ಮಾತ್ರ ಎಂದೂ ಹೋಗುವುದಿಲ್ಲ. ಸರ್ವರ್ ಆ ಫೀಲ್ಡಿನ ಈಗಿನ ಮೌಲ್ಯವನ್ನು `old_value` ಜೊತೆ ಹೋಲಿಸುತ್ತದೆ. ಒಂದೇ ಇದ್ದರೆ ಬರೆಯುತ್ತದೆ. ಬೇರೆ ಇದ್ದರೆ ಅದು ನಿಜವಾದ ಕಾನ್‌ಫ್ಲಿಕ್ಟ್. ಎರಡೂ ಮೌಲ್ಯಗಳನ್ನು ಸೂಪರ್‌ವೈಸರ್ ಮುಂದೆ ಇಡುತ್ತೇವೆ, ಅವರೇ ಆರಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಫೀಲ್ಡುಗಳು ಬೇರೆಬೇರೆ, ಹಾಗಾಗಿ 34 ಮತ್ತು `C-03` ಎರಡೂ ಉಳಿಯುತ್ತವೆ.

ಸಂಖ್ಯೆಯದ್ದು ಸ್ವಲ್ಪ ಬೇರೆ. 40ರಲ್ಲಿ ಒಬ್ಬರು 6, ಇನ್ನೊಬ್ಬರು 3 ತೆಗೆದರೆ ಒಂದು ಫೋನಿನಲ್ಲಿ 34, ಇನ್ನೊಂದರಲ್ಲಿ 37. ಯಾವುದನ್ನು ಆರಿಸಿದರೂ ತಪ್ಪೇ, ನಿಜವಾಗಿ ಉಳಿದಿರುವುದು 31. ಅದಕ್ಕೆ ಸರಕು ತೆಗೆದದ್ದನ್ನು ಇನ್ನೊಂದು ಟೇಬಲ್‌ನಲ್ಲಿ −6, −3 ಎಂದೇ ಬರೆದು ಕಳಿಸುತ್ತೇವೆ. ಉತ್ತರ ಬರುವ ಮೊದಲೇ ನೆಟ್‌ವರ್ಕ್ ಹೋದರೆ ಫೋನು ಅದನ್ನೇ ಮತ್ತೆ ಕಳಿಸುತ್ತದೆ. `op_id` ನೋಡಿ ಸರ್ವರ್ ಎರಡನೆಯದನ್ನು ಬಿಡದಿದ್ದರೆ 6 ಎರಡು ಸಲ ಕಳೆದುಹೋಗುತ್ತದೆ. ಕೈಯಲ್ಲಿ ಎಣಿಸಿ ಹಾಕಿದ ಸಂಖ್ಯೆಗೆ ಈ ಉಪಾಯ ನಡೆಯುವುದಿಲ್ಲ. ಇಬ್ಬರ ಎಣಿಕೆ ಹೊಂದದಿದ್ದರೆ ಮತ್ತೆ ಎಣಿಸಲೇಬೇಕು.

ಲಾಗ್‌ಔಟ್ ಬಟನ್ ಈಗ ಮೊದಲು `outbox` ಅನ್ನೂ ಆ ಇನ್ನೊಂದು ಟೇಬಲನ್ನೂ ನೋಡುತ್ತದೆ, ಕಳಿಸದ ಒಂದು ಸಾಲು ಉಳಿದಿದ್ದರೂ ಬಿಡುವುದಿಲ್ಲ. "ಯೂಸರ್‌ಗೆ ಕಿರಿಕಿರಿ, ತೆಗೆದುಬಿಡಿ" ಎಂದು ಮ್ಯಾನೇಜ್‌ಮೆಂಟ್ ಎರಡು ಸಲ ಕೇಳಿದೆ. ಎರಡು ಸಲವೂ ಆಗುವುದಿಲ್ಲ ಎಂದಿದ್ದೇನೆ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಡೇಟಾ ಕ್ಲಿಯರ್ ಮಾಡುವುದನ್ನು ಮಾತ್ರ ನಮ್ಮ ಕೋಡ್ ತಡೆಯಲಾರದು. ಹಾಗಾಗಿ ಆ ಮಾತನ್ನು ಸಪೋರ್ಟ್‌ನವರ ಸ್ಕ್ರಿಪ್ಟಿನಿಂದ ನಾನೇ ಕೂತು ಅಳಿಸಿದೆ.