ಧಿಗಿಣ ಹಾಕುವ ಗೊಂಬೆ: ಬೆನ್ನಲ್ಲಿ ಹುಟ್ಟಿದ ಮುಖ

ಕೊನೆಗೂ ಗೊಂಬೆ ಪೂರ್ತಿ ಸುತ್ತು ತಿರುಗಿತು! ನಾನು ಚಿತ್ರ ಬರೆದ ಡೊಳ್ಳುಹೊಟ್ಟೆಯ ವೇಷಧಾರಿಗೆ ತೆಂಕುತಿಟ್ಟು ಯಕ್ಷಗಾನದ ಧಿಗಿಣ, ಅಂದರೆ ಗಿರಗಿರ ಸುತ್ತುವ ಕುಣಿತ, ಹಾಕಿಸಬೇಕು ಅಂತ ಹಟ ಹಿಡಿದಿದ್ದೆ.

ಯಕ್ಷಗಾನ ಕಲಿತ ಗೆಳೆಯನೊಬ್ಬ ಅಂಗಳದಲ್ಲಿ ಟ್ರ್ಯಾಕ್ ಪ್ಯಾಂಟ್ ಹಾಕಿ ಕುಣಿದುಕೊಟ್ಟ. ವೇಷ ಬೇಡ ಅಂದಿದ್ದು ನಾನೇ. ವೇಷ ಕಟ್ಟಿದರೆ ಮಂಡಿ ಎಲ್ಲಿದೆ ಅಂತ, ವಿಡಿಯೊದಲ್ಲಿ ಮೈಯ ಕೀಲುಗಳನ್ನು ಗುರುತಿಸುವ DWPoseಗೆ ತಿಳಿಯುವುದಿಲ್ಲ. ಅದು ತೆಗೆದುಕೊಟ್ಟ ಕಡ್ಡಿಮನುಷ್ಯನನ್ನು, ನನ್ನ ಚಿತ್ರದ ಜೊತೆ, ComfyUI ತಂತ್ರಾಂಶದಲ್ಲಿ Wan VACE ಎಂಬ ವಿಡಿಯೊ ಹುಟ್ಟಿಸುವ AI ಮಾಡೆಲ್ಲಿಗೆ ಉಣಿಸಿದೆ. ಹೆಜ್ಜೆ, ಕೈ ಎಲ್ಲ ಚೆನ್ನಾಗಿ ಬಂತು. ಧಿಗಿಣ ಮಾತ್ರ ಇಲ್ಲ. ಗೊಂಬೆ ಅರ್ಧ ತಿರುಗಿ ಹಿಂದಕ್ಕೇ ಬರುತ್ತಿತ್ತು. ಕೆಲವೊಮ್ಮೆ ತಲೆಯ ಹಿಂಭಾಗದಲ್ಲೂ ಮೀಸೆ!

ಮಾಡೆಲ್ಲಿನ ಸೀಡ್ ಸಂಖ್ಯೆ ಬದಲಿಸಿ ಪ್ರಯೋಜನವಿಲ್ಲ, ಕಡ್ಡಿಚಿತ್ರವನ್ನೇ ಫ್ರೇಮ್ ಫ್ರೇಮ್ ನೋಡಬೇಕು. ಅದರಲ್ಲಿ ಬಲಗೈ ಹಳದಿ, ಎಡಗೈ ಹಸಿರು. ಆಳು ಬೆನ್ನು ತಿರುಗಿಸಿದಾಗ ಈ ಬಣ್ಣಗಳು ಪಕ್ಕ ಬದಲಿಸಲೇಬೇಕು ಅಲ್ವಾ? ನನ್ನದರಲ್ಲಿ ಹಳದಿ ಕದಲಲೇ ಇಲ್ಲ. ಅಂದರೆ DWPose ಬೆನ್ನನ್ನೂ ಎದೆ ಅಂತಲೇ ಓದಿದೆ, ಮೇಲಿಂದ ಕೂದಲಿನ ಮೇಲೆ ಮೂಗು, ಕಣ್ಣು ಇಟ್ಟಿದೆ. ಪಾಪ, VACE ಕೊಟ್ಟಿದ್ದನ್ನು ಬಿಡಿಸಿದೆ.

ವೇಗವೂ ಕಾಟ ಕೊಟ್ಟಿತು. Wan ಸೆಕೆಂಡಿಗೆ 16 ಫ್ರೇಮಿನ ಲೆಕ್ಕದಲ್ಲಿ ನಡೆಯುತ್ತದೆ. ಮುಕ್ಕಾಲು ಸೆಕೆಂಡಿನ ಸುತ್ತಿಗೆ ಸಿಗುವುದು 12 ಫ್ರೇಮ್ ಮಾತ್ರ. ಅದರಲ್ಲೂ ಕೈ ಮಸುಕಾದರೆ ಮುಗಿಯಿತು. ಹಾಗಾಗಿ ನಡುಮಧ್ಯಾಹ್ನ 60 ಫ್ರೇಮಿನಲ್ಲಿ, ಶಟರ್ 1/500ಕ್ಕೆ ಇಟ್ಟು ಮತ್ತೆ ಶೂಟ್ ಮಾಡಿದೆವು. ಗೆಳೆಯನ ಬೈಗುಳ ಇಲ್ಲಿ ಬೇಡ. ಕಡ್ಡಿಚಿತ್ರವನ್ನು 60ರಲ್ಲೇ ತೆಗೆದು, ಬೆನ್ನು ಕಾಣುವ ಫ್ರೇಮುಗಳನ್ನು ಕಣ್ಣಲ್ಲೇ ಗುರುತಿಸಿ, ಅವುಗಳಿಗೆ ಮಾತ್ರ ಇದನ್ನು ಓಡಿಸಿದೆ. kp ಅಂದರೆ ಒಂದು ಫ್ರೇಮಿನ 18 ಮೈಚುಕ್ಕಿಗಳ NumPy ಪಟ್ಟಿ, ಸಾಲಿಗೊಂದು ಚುಕ್ಕಿಯ x, y, ಖಚಿತತೆ:

```python
for a, b in [(2,5),(3,6),(4,7),(8,11),
             (9,12),(10,13),(16,17)]:
    kp[[a, b]] = kp[[b, a]]   # ಎಡ-ಬಲ ಅದಲುಬದಲು
kp[[0, 14, 15], 2] = 0        # ಮೂಗು, ಕಣ್ಣು ತೆಗೆ
```

ಮುಖದ 68 ಚುಕ್ಕಿಗಳನ್ನೂ ಆ ಫ್ರೇಮುಗಳಲ್ಲಿ ಅಳಿಸಿ. ಒಂದು ಉಳಿದರೂ ಮೀಸೆ ವಾಪಸ್. ಆಮೇಲೆ 16ಕ್ಕೆ ಇಳಿಸಿ. ಸರಿಯಾಗಿ ಪಕ್ಕಕ್ಕೆ ತಿರುಗಿದ ಒಂದೆರಡು ಫ್ರೇಮಿನಲ್ಲಿ ಎರಡೂ ಭುಜ ಒಂದರ ಮೇಲೊಂದು ಕೂತು ಏನೂ ತೀರ್ಮಾನ ಆಗಲ್ಲ. ಅಲ್ಲಿ ಆಚೀಚೆಯ ಫ್ರೇಮುಗಳ ನಡುವಿನ ಸ್ಥಾನ ತುಂಬಿಸಿದೆ.

ಈಗ ಸುತ್ತು ಬಂತು, ಆದರೆ ಬೆನ್ನಿನ ಬಟ್ಟೆ ಪ್ರತಿ ಸಲವೂ ಬೇರೆ. ಮುಂಭಾಗದ ಚಿತ್ರ ಒಂದನ್ನೇ ಕೊಟ್ಟರೆ ಹಿಂದೆ ಏನಿದೆ ಅಂತ ಅದು ಊಹಿಸಲೇಬೇಕು. VACE ಒಂದಕ್ಕಿಂತ ಜಾಸ್ತಿ ಮಾದರಿ ಚಿತ್ರ ತೆಗೆದುಕೊಳ್ಳುತ್ತದೆ, ಹಾಗಾಗಿ ಬೆನ್ನನ್ನೂ ಬರೆದು ಕೊಟ್ಟೆ. ತಕ್ಕಮಟ್ಟಿಗೆ ನಿಂತಿತು. ಕಿರೀಟದ ಹಿಂಬದಿ ಇನ್ನೂ ಕರಗುತ್ತದೆ.

ಬಾಡಿಗೆ ಜಿಪಿಯು ಕೊಡುವವರಿಗೊಂದು ನಮಸ್ಕಾರ. ಮಾಡೆಲ್ ಡೌನ್‌ಲೋಡ್ ಆಗುವಾಗಲೂ ಮೀಟರ್ ಓಡಿಸುತ್ತಾರೆ. ಆಟೋದವರೇ ವಾಸಿ.

ಅದಕ್ಕೇ ಮುಂದಿನದು ತೊಗಲುಗೊಂಬೆ. ಚಪ್ಪಟೆ ಗೊಂಬೆಗೆ ವಿಡಿಯೊ ಮಾಡೆಲ್ ಯಾಕೆ? ಪಕ್ಕದಿಂದ ಶೂಟ್ ಮಾಡಿ, ಕಡ್ಡಿಚಿತ್ರದಿಂದ ಭುಜ, ಮೊಣಕೈ, ಮಂಡಿಯ ಕೋನ ಮಾತ್ರ ತೆಗೆದು ಅನಿಮೇಶನ್ ತಂತ್ರಾಂಶ ಬ್ಲೆಂಡರ್‌ನಲ್ಲಿ ತುಂಡುಗಳನ್ನು ತಿರುಗಿಸಿದರೆ ಸಾಕು. ನನ್ನ ಹಳೇ ಲ್ಯಾಪ್‌ಟಾಪಿಗೇ ಆಗುವ ಕೆಲಸ. ಧಿಗಿಣ ಮಾತ್ರ ಕೇಳಬೇಡಿ.